ಹನ್ನೊಂದು ಲಕ್ಷದ ಕೊರತೆಯಲ್ಲಿ ಕಳವು ಎಷ್ಟು? ಒಂದು ಗೋಡೌನಿನ ಪ್ರಕರಣ

ಉತ್ತರ ಕರ್ನಾಟಕದ ಒಂದು ದೊಡ್ಡ ಊರಿನಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಹೋಲ್‌ಸೇಲ್ ವ್ಯಾಪಾರ. ವೈರು, ಸ್ವಿಚ್ಚು, ಎಂಸಿಬಿ, ಎಲ್‌ಇಡಿ ಬಲ್ಬು, ಫ್ಯಾನು. ಸುತ್ತಲಿನ ತಾಲ್ಲೂಕುಗಳ ಅಂಗಡಿಗಳಿಗೆ ಇಲ್ಲಿಂದಲೇ ಮಾಲು ಹೋಗುತ್ತದೆ. ಗೋಡೌನಿನಲ್ಲಿ ಸುಮಾರು 1.8 ಕೋಟಿ ರೂಪಾಯಿಯ ಸ್ಟಾಕು, 1,100ಕ್ಕೂ ಹೆಚ್ಚು ಐಟಂ. ಒಬ್ಬರು ಗೋಡೌನ್ ಕೀಪರ್, ಇಬ್ಬರು ಮಾಲು ತೆಗೆಯುವ ಹುಡುಗರು, ಒಬ್ಬ ಡಿಸ್ಪ್ಯಾಚ್ ಕ್ಲರ್ಕು, ಬಿಲ್ಲಿಂಗಿಗೆ ಒಬ್ಬ ಹೆಣ್ಣುಮಗಳು, ನಾಲ್ವರು ಹಮಾಲರು. ವಾಹನಗಳು ಬಾಡಿಗೆಯವು. ಗುರುತು ಸಿಗಬಾರದು ಅಂತ ಊರು, ಹೆಸರು ಬಿಟ್ಟಿದ್ದೇನೆ, ಒಂದೆರಡು ವಿವರ ಬದಲಿಸಿದ್ದೇನೆ. ಲೆಕ್ಕದ ದಾರಿ ಮಾತ್ರ ನಡೆದ ಹಾಗೆಯೇ ಇದೆ.

ನನ್ನ ಕೆಲಸ ಸ್ಟಾಕ್ ಲೆಕ್ಕ ತಾಳೆ ನೋಡುವುದು. ಏಪ್ರಿಲ್ ಎರಡನೇ ವಾರ ಮಾಲೀಕರ ಫೋನ್ ಬಂತು. ವರ್ಷದ ಕೊನೆಗೆ, ಮಾರ್ಚ್ 31ಕ್ಕೆ, ಎಲ್ಲ ಮಾಲು ಎಣಿಸಿದ್ದರು. ಕಂಪ್ಯೂಟರಿನಲ್ಲಿ ಇರಬೇಕಾದ್ದಕ್ಕಿಂತ 5.82 ಲಕ್ಷ ರೂಪಾಯಿಯ ಮಾಲು ಕಡಿಮೆ. "ಕಳವಾಗೇದ್ರಿ. ಯಾರು ಅಂತನೂ ಗೊತ್ತೈತಿ" ಅಂದರು.

ಅವರ ಅನುಮಾನ ಒಬ್ಬ ಹಮಾಲರ ಮೇಲೆ. ನಲವತ್ತು ದಾಟಿದ ಮನುಷ್ಯ, ಹನ್ನೊಂದು ವರ್ಷದಿಂದ ಅಲ್ಲೇ ಕೆಲಸ. ಜನವರಿಯಲ್ಲಿ ಹೊಸ ಬೈಕ್ ತಗೊಂಡಿದ್ದರು. ಅದೊಂದೇ ಸಾಕ್ಷಿ. ಎಣಿಕೆ ಮುಗಿದ ಮರುದಿನವೇ ಅವರಿಗೆ "ನಾಳೆಯಿಂದ ಬರಬ್ಯಾಡ" ಅಂತ ಹೇಳಿ ಆಗಿತ್ತು. ಎಂಟು ಕ್ಯಾಮೆರಾ ಹಾಕಿಸಲು ಕೊಟೇಶನ್ ಕೂಡ ತರಿಸಿದ್ದರು.

ಕ್ಯಾಮೆರಾ ಆಮೇಲೆ ನೋಡೋಣ, ಮೊದಲು ಎಣಿಕೆಯ ಹಾಳೆ ಕೊಡಿ ಅಂದೆ. ಒಟ್ಟು ಮೊತ್ತದ ಹಾಳೆ ಅಲ್ಲ, ಐಟಂವಾರು ಹಾಳೆ.

ಒಂದು ಸಂಖ್ಯೆಯೊಳಗೆ ಎರಡು ಸಂಖ್ಯೆ

5.82 ಲಕ್ಷ ಅನ್ನೋದು ಕಳೆದು ಉಳಿದ ಮೊತ್ತ. ಕೆಲವು ಐಟಂ ಕಡಿಮೆ ಬಂದಿರುತ್ತವೆ, ಕೆಲವು ಜಾಸ್ತಿ ಬಂದಿರುತ್ತವೆ. ಅಕೌಂಟೆಂಟ್ ಎರಡನ್ನೂ ಕಳೆದು ಒಂದು ಸಂಖ್ಯೆ ಬರೆದಿದ್ದರು. ಹಾಳೆಯನ್ನು ಎರಡು ಭಾಗ ಮಾಡಿದಾಗ ಕಂಡದ್ದು ಬೇರೆ: ಕಡಿಮೆ ಬಂದದ್ದು 11.40 ಲಕ್ಷ, ಜಾಸ್ತಿ ಬಂದದ್ದು 5.58 ಲಕ್ಷ. (ಎಲ್ಲವೂ ಖರೀದಿ ದರದಲ್ಲಿ.)

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಕಳ್ಳ ಮಾಲು ಒಯ್ಯುತ್ತಾನೆ, ತಂದು ಇಡೋದಿಲ್ಲ. ಐದೂವರೆ ಲಕ್ಷದ ಮಾಲು ಪುಸ್ತಕಕ್ಕಿಂತ ಜಾಸ್ತಿ ಇದೆ ಅಂದರೆ ಲೆಕ್ಕ ಬರೆಯುವುದರಲ್ಲಿ, ಇಡುವುದರಲ್ಲಿ, ತೆಗೆಯುವುದರಲ್ಲಿ ದೊಡ್ಡ ಗೋಜಲು ಇದೆ ಅಂತ ಅರ್ಥ. ಆ ಗೋಜಲು ಬಿಡಿಸದೆ ಯಾರನ್ನೂ ಕಳ್ಳ ಅನ್ನೋಕಾಗಲ್ಲ. ಇನ್ನೊಂದು ಕಡೆ, ನಿಜವಾಗಿ ಕಳವಾಗಿದ್ದರೆ ಅದನ್ನು ಮುಚ್ಚಿಹಾಕಲು ಈ ಐದೂವರೆ ಲಕ್ಷವೇ ಸಾಕು.

ಮಾಲೀಕರ ಹತ್ತಿರ ಮೂರು ವಾರದ ಸಮಯ ಕೇಳಿದೆ. ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದರು.

ನಾನು ನೋಡಿದ್ದು ಪ್ರತಿ ವ್ಯತ್ಯಾಸದ ಸ್ವಭಾವ. ಒಂದು ಐಟಂ ಕಡಿಮೆ ಇದ್ದು, ಅದರ ಅಕ್ಕಪಕ್ಕದ ಐಟಂ ಹೆಚ್ಚುಕಡಿಮೆ ಅಷ್ಟೇ ಜಾಸ್ತಿ ಇದ್ದರೆ, ಅದು ಅದಲು ಬದಲು. ಒಂದೂವರೆ ಎಂಎಂ ವೈರ್ ಕಾಯಿಲ್ ಮತ್ತು ಎರಡೂವರೆ ಎಂಎಂ ಕಾಯಿಲ್‌ಗಳ ಪೆಟ್ಟಿಗೆ ಇಲ್ಲಿ ಹತ್ತಿರ ಹತ್ತಿರ ಒಂದೇ ಅಳತೆ, ಒಂದೇ ಬಣ್ಣ, ಎರಡೂ 90 ಮೀಟರ್. ವ್ಯತ್ಯಾಸ ಇರೋದು ಮೂಲೆಯಲ್ಲಿ ಅಚ್ಚಾದ ಸಣ್ಣ ಅಂಕಿಯಲ್ಲಿ. ಎರಡನ್ನೂ ಪಕ್ಕಪಕ್ಕದಲ್ಲೇ ಪೇರಿಸಿದ್ದರು. ಮೇಲೆ ಉರಿಯುತ್ತಿದ್ದ ಟ್ಯೂಬ್‌ಲೈಟು ಒಂದೇ. ಸಂಜೆ ಏಳಕ್ಕೆ ಬಿಲ್ ಹಿಡಿದು ಮಾಲು ತೆಗೆಯುವ ಹುಡುಗ ಎಷ್ಟು ಸಲ ತಪ್ಪಿರಬಹುದು, ಅಲ್ವಾ? ಹೀಗೆ ಜೋಡಿ ಸಿಕ್ಕ ಕೊರತೆ 4.30 ಲಕ್ಷ. ಅದಕ್ಕೆ ಜೋಡಿಯಾದ ಹೆಚ್ಚಳ 3.96 ಲಕ್ಷ. ಉಳಿದ 34 ಸಾವಿರ ನಿಜವಾದ ನಷ್ಟ. ದುಬಾರಿ ಕಾಯಿಲ್ ಕೊಟ್ಟು ಅಗ್ಗದ್ದರ ಬಿಲ್ ಮಾಡಿದರೆ ಯಾವ ಅಂಗಡಿಯವರೂ ಫೋನ್ ಮಾಡಿ ಹೇಳಲ್ಲ. ಅಗ್ಗದ್ದು ಹೋದಾಗ ಮಾತ್ರ ವಾಪಸ್ ಬರುತ್ತದೆ.

ಜಾಗ ತಪ್ಪಿದ ಮಾಲು ಹುಡುಕುವುದು ಮೈಮುರಿಯುವ ಕೆಲಸ, ಲೆಕ್ಕ ಮಾತ್ರ ಸುಲಭ. ಅಟ್ಟದ ಮೇಲೆ, ಫ್ಯಾನ್ ಪೆಟ್ಟಿಗೆಗಳ ಹಿಂದೆ, ಅಂಗಡಿಗಳಿಂದ ವಾಪಸ್ ಬಂದ ಮಾಲಿನ ಮೂಲೆಯಲ್ಲಿ ಎರಡು ದಿನ ಹುಡುಕಿದೆವು. 1.18 ಲಕ್ಷದ ಮಾಲು ಸಿಕ್ಕಿತು. ಎಣಿಕೆಯ ದಿನ ಆ ಮೂಲೆಗಳನ್ನು ಯಾರಿಗೂ ವಹಿಸಿರಲಿಲ್ಲ.

ಇನ್ನು 1.42 ಲಕ್ಷ ತಾರೀಖಿನ ತಪ್ಪು. ಕಂಪನಿಯವರು ಮಾರ್ಚ್ 29ಕ್ಕೆ ಬಿಲ್ ಮಾಡಿ ಲಾರಿ ಹತ್ತಿಸಿದ್ದರು. ಆಫೀಸಿನಲ್ಲಿ ಬಿಲ್ ಬಂದ ಕೂಡಲೇ ಒಳಬಂದ ಮಾಲು ಅಂತ ಬರೆದರು. ಲಾರಿ ಗೋಡೌನಿನ ಬಾಗಿಲಿಗೆ ಬಂದದ್ದು ಏಪ್ರಿಲ್ 2ಕ್ಕೆ. ಎಣಿಸಿದ ದಿನ ಆ ಮಾಲು ದಾರಿಯಲ್ಲಿತ್ತು.

ಹಗುರ ಡಬ್ಬಿ

ಮಾಡ್ಯುಲರ್ ಸಾಕೆಟ್ಟುಗಳ ಒಂದು ಮಾದರಿ ನನ್ನನ್ನು ಜಾಸ್ತಿ ಕಾಡಿತು. ಒಂದೇ ಐಟಂನಲ್ಲಿ 1,800 ಪೀಸ್ ಕಡಿಮೆ. 92 ರೂಪಾಯಿಯಂತೆ 1.66 ಲಕ್ಷ. ಯಾವ ಜೋಡಿಯೂ ಇಲ್ಲ. 1,800 ಸಾಕೆಟ್ ಕದ್ದು ಮಾರುವುದು ಸುಲಭ ಅಲ್ಲ. ಬಿಲ್ಲುಗಳ ಮೊತ್ತ ಸರಿ, ಪೆಟ್ಟಿಗೆಗಳ ಸಂಖ್ಯೆ ಸರಿ. ಮಾಲು ಇಳಿಸಿದ್ದು ಯಾರು ಅಂತ ಉಳಿದ ಹಮಾಲರನ್ನು ಕೇಳಿದೆ. ಆ ಲಾರಿಗಳನ್ನು ಇಳಿಸಿದ್ದು ಮನೆಗೆ ಕಳಿಸಿದ ಹಮಾಲಣ್ಣನೇ.

ಅವರ ಮನೆಗೆ ಹೋದೆ. ಮಾತಾಡಲು ಇಷ್ಟವಿರಲಿಲ್ಲ ಅವರಿಗೆ. ಬೈಕು ಬಾಗಿಲಲ್ಲೇ ನಿಂತಿತ್ತು. ಸಾಲದ ಕಂತಿನ ಚೀಟಿ ತಾವಾಗಿಯೇ ತಂದು ತೋರಿಸಿದರು. ನಾನು ಕೇಳಿರಲಿಲ್ಲ. ನೋಡಿ ಸಂಕಟ ಆಯಿತು. ಸಾಕೆಟ್ಟಿನ ವಿಷಯ ಕೇಳಿದಾಗ ಮಾತ್ರ ತಟ್ಟನೆ ಹೇಳಿದರು: "ದೀಪಾವಳಿ ಆದ ಮ್ಯಾಲೆ ಬಂದ ಡಬ್ಬಿ ಹಗುರ ಅದಾವ್ರಿ ಸರ. ಮೊದಲ ಎರಡು ಎತ್ತಿದ್ರ ಕೈ ಜಗ್ತಿತ್ತು. ಈಗ ನಾಕು ಎತ್ತಿದ್ರೂ ಗೊತ್ತಾಗೂದಿಲ್ಲ."

ಗೋಡೌನಿಗೆ ವಾಪಸ್ ಬಂದು ಹಳೆಯದೊಂದು, ಹೊಸದೊಂದು ಡಬ್ಬಿ ತೆರೆದೆವು. ಹಳೆಯದರಲ್ಲಿ 20 ಪೀಸ್. ಹೊಸದರಲ್ಲಿ 10. ಕಂಪನಿ ಪ್ಯಾಕಿಂಗ್ ಬದಲಿಸಿತ್ತು. ಡಬ್ಬಿಯ ಚಿತ್ರ ಅದೇ, ಅಗಲ ಅದೇ, ಆಳ ಮಾತ್ರ ಕಡಿಮೆ. ಕಂಪ್ಯೂಟರಿನಲ್ಲಿ ಮಾತ್ರ ಒಂದು ಡಬ್ಬಿ ಅಂದರೆ 20 ಅಂತಲೇ ಉಳಿದಿತ್ತು. ನಾಲ್ಕು ಸಲ ಬಂದ 180 ಡಬ್ಬಿ ಪುಸ್ತಕದಲ್ಲಿ 3,600 ಪೀಸ್ ಆಗಿತ್ತು, ನಿಜಕ್ಕೆ 1,800. ಬಿಲ್ ಡಬ್ಬಿಯ ದರದಲ್ಲಿ ಇದ್ದದ್ದರಿಂದ ದುಡ್ಡಿನ ಲೆಕ್ಕ ತಾಳೆಯಾಗುತ್ತಿತ್ತು. ಆರು ತಿಂಗಳು ಯಾರಿಗೂ ಅನುಮಾನ ಬಾರದೇ ಇರಲು ಇದೇ ಕಾರಣ. ಇಂಥದ್ದು ಪತ್ತೆ ಹಚ್ಚಲು ಒಂದು ಗುರುತಿದೆ: ಕೊರತೆಯ ಸಂಖ್ಯೆಯನ್ನು ಪ್ಯಾಕಿಂಗ್ ಸಂಖ್ಯೆಯಿಂದ ಭಾಗಿಸಿ ನೋಡಿ. ಶೇಷ ಉಳಿಯದೆ ಭಾಗವಾದರೆ, ಮೊದಲು ಡಬ್ಬಿ ತೆರೆಯಿರಿ.

ಹೆಚ್ಚಳದ ಕಡೆ ಉಳಿದ 1.62 ಲಕ್ಷವೂ ಇದೇ ಜಾತಿಯದು. ಹತ್ತಕ್ಕೆ ಒಂದು ಉಚಿತ ಅಂತ ಸ್ಕೀಮಿನಲ್ಲಿ ಬಂದ ಮಾಲನ್ನು ಬಿಲ್ಲಿನಲ್ಲಿ ಬೆಲೆ ಇಲ್ಲ ಅಂತ ಪುಸ್ತಕಕ್ಕೆ ಏರಿಸಿರಲಿಲ್ಲ. ಅಂಗಡಿಗಳಿಂದ ವಾಪಸ್ ಬಂದ ಕೆಲವು ಮಾಲಿಗೆ ಕ್ರೆಡಿಟ್ ನೋಟ್ ಆಗಿರಲಿಲ್ಲ.

ನಾನು ಎಡವಿದ ಜಾಗ

ಮೂರನೇ ವಾರಕ್ಕೆ 11.40 ಲಕ್ಷದಲ್ಲಿ 8.56 ಲಕ್ಷಕ್ಕೆ ಕಾರಣ ಸಿಕ್ಕಿತ್ತು. ಎಲ್ಲವೂ ಕಾಗದ, ಜಾಗ, ಗಡಿಬಿಡಿ. ಮಾಲೀಕರಿಗೆ ನಾನೇ ಹೇಳಿದೆ: ಇಲ್ಲಿ ಕಳವು ಇಲ್ಲ ಅನಿಸುತ್ತದೆ, ಉಳಿದದ್ದೂ ಇಂಥದ್ದೇ ಇರಬೇಕು. ನಿರಪರಾಧಿಯೊಬ್ಬರನ್ನು ಮನೆಗೆ ಕಳಿಸಿದ್ದನ್ನು ನೋಡಿದ ಮೇಲೆ ಕಳವು ಇಲ್ಲದಿರಲಿ ಅಂತ ನನ್ನ ಮನಸ್ಸೇ ಬಯಸುತ್ತಿತ್ತು. ಮಾಲೀಕರು ಸಾಕ್ಷಿ ಇಲ್ಲದೆ ಕಳವು ಅಂದಿದ್ದರು. ನಾನು ಸಾಕ್ಷಿ ಇಲ್ಲದೆ ಇಲ್ಲ ಅಂದೆ.

ತಡೆದದ್ದು ಬಿಲ್ಲಿಂಗಿನ ಹುಡುಗಿ. ಜೋಡಿ ಹುಡುಕುವ ಕೆಲಸದಲ್ಲಿ ನನ್ನ ಜೊತೆ ಕೂತಿದ್ದಳು. "ಸರ, ಎಂಸಿಬಿಗೆ ಮತ್ತ ಎರಡೂವರೆ ವೈರಿಗೆ ಜೋಡಿ ಸಿಗವಲ್ದಲ್ರಿ" ಅಂದಳು. ಅದಲು ಬದಲಿನ ಲೆಕ್ಕ ಕಳೆದ ಮೇಲೂ ಎರಡೂವರೆ ಎಂಎಂ ಕಾಯಿಲ್‌ಗಳು, ಜೊತೆಗೆ ಮೂರು ಬಗೆಯ ಎಂಸಿಬಿ ಸೇರಿ 2.31 ಲಕ್ಷ ಕಡಿಮೆ ಇತ್ತು. ಹೆಚ್ಚಳ ಎಲ್ಲೂ ಇಲ್ಲ. ಪ್ಯಾಕಿಂಗ್ ಬದಲಾಗಿಲ್ಲ. ತಾರೀಖಿನ ತಪ್ಪಿಲ್ಲ. ಮಿಕ್ಕ 53 ಸಾವಿರ ಅರವತ್ತು ಎಪ್ಪತ್ತು ಐಟಂಗಳಲ್ಲಿ ಚಿಲ್ಲರೆಯಾಗಿ ಹರಡಿತ್ತು. ಆದರೆ ಈ 2.31 ಲಕ್ಷ ನಾಲ್ಕೇ ಐಟಂನಲ್ಲಿ. ತಪ್ಪು ಎಲ್ಲ ಕಡೆ ಆಗುತ್ತದೆ. ಕಳವು ಆಯ್ದುಕೊಳ್ಳುತ್ತದೆ: ಸಣ್ಣದು, ಬೆಲೆಯದು, ಯಾವ ಅಂಗಡಿಯವನಾದರೂ ಕೇಳದೆ ಕೊಳ್ಳುವಂಥದ್ದು. ತಾಮ್ರದ ವೈರಿನ ಕಾಯಿಲ್, ಎಂಸಿಬಿ ಡಬ್ಬಿ ಎರಡೂ ಅಂಥವೇ.

ಅಂದಿನಿಂದ ಆ ನಾಲ್ಕು ಐಟಂಗಳನ್ನು ದಿನಕ್ಕೆ ಎರಡು ಸಲ ಎಣಿಸಿದೆವು. ಬೆಳಿಗ್ಗೆ ವಾಹನ ಲೋಡ್ ಆಗುವ ಮುಂಚೆ ಒಮ್ಮೆ, ಲೋಡ್ ಆದ ಮೇಲೆ ಒಮ್ಮೆ. ಎಣಿಸಿದ್ದು ನಾನು ಮತ್ತು ಕೀಪರ್. ಯಾಕೆ ಅಂತ ಉಳಿದವರಿಗೆ ಹೇಳಲಿಲ್ಲ. ಒಟ್ಟು ಹತ್ತು ನಿಮಿಷದ ಕೆಲಸ. ವರ್ಷಕ್ಕೊಮ್ಮೆ ಎಣಿಸಿದರೆ ಕೊರತೆ ಇದೆ ಅಂತ ಮಾತ್ರ ತಿಳಿಯುತ್ತದೆ. ದಿನಾ ಎಣಿಸಿದರೆ ಅದು ಯಾವತ್ತು ಆಯಿತು ಅಂತ ತಿಳಿಯುತ್ತದೆ. ದಿನ ತಿಳಿದರೆ ಅವತ್ತಿನ ಬಿಲ್ಲು, ಅವತ್ತಿನ ವಾಹನ, ಅವತ್ತಿನ ಜನ ಎಲ್ಲ ಕೈಗೆ ಸಿಗುತ್ತಾರೆ.

ಎರಡು ವಾರದಲ್ಲಿ ಮೂರು ಸಲ ಲೆಕ್ಕ ತಪ್ಪಿತು. ಮೂರೂ ಸಲ ಮಂಗಳವಾರ ಅಥವಾ ಶುಕ್ರವಾರ. ಆ ಎರಡು ದಿನ ಮಾತ್ರ ಹೋಗುವ ಒಂದು ದೂರದ ರೂಟು ಇತ್ತು. ಒಂದೇ ಬಾಡಿಗೆ ವಾಹನ, ಒಬ್ಬನೇ ಡ್ರೈವರ್.

ಬರೀ ಆ ವಾಹನವನ್ನು ತಡೆದರೆ ಸುದ್ದಿ ಹಬ್ಬುತ್ತದೆ. ಅದಕ್ಕೆ ಚೀಟಿ ಎತ್ತುವ ಪದ್ಧತಿ ಶುರು ಮಾಡಿದೆವು. ದಿನಾ ಲೋಡ್ ಆದ ಮೇಲೆ ಕೀಪರ್ ಒಂದು ಚೀಟಿ ಎತ್ತುತ್ತಾರೆ. ಚೀಟಿಯಲ್ಲಿ ಬಂದ ರೂಟಿನ ವಾಹನವನ್ನು ಪೂರ್ತಿ ಇಳಿಸಿ ಬಿಲ್ ಜೊತೆ ಎಣಿಸುವುದು. ಮೊದಲ ನಾಲ್ಕು ದಿನ ಬೇರೆ ವಾಹನಗಳು ಬಂದವು, ಲೆಕ್ಕ ಸರಿ ಇತ್ತು. ಐದನೇ ದಿನ ಶುಕ್ರವಾರ, ಆ ವಾಹನದ ಚೀಟಿಯೇ ಬಂತು. ಬಿಲ್ಲುಗಳ ಪ್ರಕಾರ ಎರಡೂವರೆ ಎಂಎಂ ಕಾಯಿಲ್ 14 ಇರಬೇಕು. ಇದ್ದದ್ದು 16. ಸೀಟಿನ ಹಿಂದೆ ಎಂಸಿಬಿಯ ಒಂದು ಡಬ್ಬಿ.

ವಿಧಾನ ತೀರಾ ಸರಳ. ಮಾಲು ತೆಗೆಸುವವನೂ ಡಿಸ್ಪ್ಯಾಚ್ ಕ್ಲರ್ಕು, ಬಿಲ್ ಜೊತೆ ತಾಳೆ ನೋಡುವವನೂ ಅವನೇ, ಚಲನ್ ಮೇಲೆ ಸಹಿ ಹಾಕುವವನೂ ಅವನೇ. ಬಿಲ್ 14ಕ್ಕೆ, ಲೋಡ್ 16ಕ್ಕೆ. ಅಂಗಡಿಗಳಿಗೆ 14 ಇಳಿಯುತ್ತದೆ. ಉಳಿದ ಎರಡು ದಾರಿಯಲ್ಲಿ ಯಾರೋ ಒಬ್ಬರಿಗೆ ನಗದಿಗೆ. ಅಂಗಡಿಯವರಿಗೆ ಕಡಿಮೆ ಆಗದ್ದರಿಂದ ದೂರು ಬರುವುದಿಲ್ಲ. ಬೈಕ್ ಕೊಂಡ ಹಮಾಲಣ್ಣನ ಕೈಯಿಂದ ಪ್ರತಿ ಪೆಟ್ಟಿಗೆಯೂ ಹಾದು ಹೋಗುತ್ತಿತ್ತು ನಿಜ. ಆದರೆ ಬಿಲ್ಲಿನಲ್ಲಿ ಎಷ್ಟಿದೆ ಅಂತ ಅವರಿಗೆ ಯಾರೂ ತೋರಿಸುತ್ತಿರಲಿಲ್ಲ.

ಮಾಲೀಕರು ಪೊಲೀಸರ ಹತ್ತಿರ ಹೋಗುವ ಮನಸ್ಸು ಮಾಡಿದರು. ವಕೀಲರು ಹೇಳಿದ್ದು, ಕೈಗೆ ಸಿಕ್ಕಿರುವುದು ಒಂದು ದಿನದ ಮಾಲು, ವರ್ಷದ 2.31 ಲಕ್ಷವನ್ನು ಇವರ ಮೇಲೆ ಸಾಬೀತು ಮಾಡುವುದು ಕಷ್ಟ. ಕೊನೆಗೆ ಕ್ಲರ್ಕಿನಿಂದ ರಾಜೀನಾಮೆ ಬರೆಸಿಕೊಂಡರು, ವಾಹನ ಬಿಡಿಸಿದರು. ನನಗೆ ಈ ತೀರ್ಮಾನ ಪೂರ್ತಿ ಹಿಡಿಸಲಿಲ್ಲ. ಅದೇ ಮನುಷ್ಯ ಇನ್ನೊಂದು ಗೋಡೌನಿನ ಚಲನ್ ಮೇಲೆ ಸಹಿ ಹಾಕುತ್ತಿರಬಹುದು. ಆದರೆ ತೀರ್ಮಾನ ಅವರದು.

ಪುಸ್ತಕದಲ್ಲಿ ಏನು ಬರೆಯುವುದು

ಇದನ್ನು ಎಷ್ಟೋ ಜನ ಮರೆಯುತ್ತಾರೆ. ಕಳೆದ, ಕಳವಾದ, ಪುಸ್ತಕದಿಂದ ತೆಗೆದುಹಾಕಿದ ಮಾಲಿನ ಮೇಲೆ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಕಟ್ಟಬೇಕಾದ ತೆರಿಗೆಯಲ್ಲಿ ಮುರಿದುಕೊಳ್ಳುವ ಅವಕಾಶ, ಸಿಗುವುದಿಲ್ಲ. ಸಿಜಿಎಸ್‌ಟಿ ಕಾಯ್ದೆಯ 17(5) ಸೆಕ್ಷನ್ ಅದನ್ನು ತಡೆಯುತ್ತದೆ. ಆಗಲೇ ತಗೊಂಡಿದ್ದರೆ ವಾಪಸ್ ಕಟ್ಟಬೇಕು. ಮೊದಲ ವಾರವೇ 5.82 ಲಕ್ಷವನ್ನು ಕಳವು ಅಂತ ಬರೆದು ಮುಗಿಸಿದ್ದರೆ, 18 ಪರ್ಸೆಂಟಿನಂತೆ ಒಂದು ಲಕ್ಷಕ್ಕೂ ಮೇಲೆ ಕ್ರೆಡಿಟ್ ಹೋಗುತ್ತಿತ್ತು. ಕಾರಣ ಬಿಡಿಸಿದ ಮೇಲೆ ನಿಜವಾಗಿ ಕೈಬಿಟ್ಟ ಮಾಲು 2.84 ಲಕ್ಷ, ವಾಪಸ್ ಕಟ್ಟಿದ್ದು ಸುಮಾರು 51 ಸಾವಿರ. ಉಳಿದದ್ದು ಕಾಗದ ತಿದ್ದುವ ಕೆಲಸ. ಪ್ರತಿ ತಿದ್ದುಪಡಿಗೂ ಕಾರಣ, ಆಧಾರದ ಬಿಲ್ಲು, ಇಬ್ಬರ ಸಹಿ ಇಟ್ಟೆವು.

ಇನ್ಶೂರೆನ್ಸ್ ಇದೆಯಲ್ಲ ಅಂತ ಮಾಲೀಕರು ಕೇಳಿದರು. ಪಾಲಿಸಿ ತೆಗೆದು ನೋಡಿದೆವು. ಅವರದ್ದು ಸಾಮಾನ್ಯ ಬರ್ಗ್ಲರಿ ಪಾಲಿಸಿ, ಬೀಗ ಮುರಿದು ಒಳಗೆ ಬಂದು ಆದ ಕಳವಿಗೆ. ಒಳಗಿನವರ ಕೈವಾಡ ಮತ್ತು ಎಣಿಕೆಯಲ್ಲಿ ಕಂಡ ಕೊರತೆ ಎರಡೂ ಅದರಿಂದ ಹೊರಗೆ. ನೌಕರರ ಮೋಸಕ್ಕೆ ಫಿಡೆಲಿಟಿ ಗ್ಯಾರಂಟಿ ಅಂತ ಬೇರೆ ಪಾಲಿಸಿ ಇರುತ್ತದೆ. ಅದು ಅವರ ಹತ್ತಿರ ಇರಲಿಲ್ಲ.

ಏನು ಬದಲಾಯಿತು, ಏನು ನಿಲ್ಲಲಿಲ್ಲ

ಮೊದಲ ಬದಲಾವಣೆ ಸಹಿಗಳದು. ಮಾಲು ತೆಗೆಸುವವನು ತಾಳೆ ನೋಡುವ ಹಾಗಿಲ್ಲ. ಜನ ಕಡಿಮೆ ಇರುವ ಗೋಡೌನಿನಲ್ಲಿ ಇದು ಕಷ್ಟ. ಅದಕ್ಕೆ ತಾಳೆ ನೋಡುವ ಕೆಲಸವನ್ನು ಬೆಳಗಿನ ಒಂದು ಗಂಟೆ ಮಟ್ಟಿಗೆ ಬಿಲ್ಲಿಂಗಿನ ಹುಡುಗಿಗೆ ಕೊಟ್ಟೆವು. ಎಂಸಿಬಿ ಮತ್ತು ತಾಮ್ರದ ಕಾಯಿಲ್‌ಗಳಿಗೆ ಜಾಲರಿ ಹಾಕಿ ಬೀಗ ಬಂತು. ಕೀಲಿ ಕೀಪರ್ ಹತ್ತಿರ. ಚೀಟಿ ಎತ್ತುವುದು ಮುಂದುವರಿಯಿತು. ಶುರುವಿನಲ್ಲಿ ಎಲ್ಲ ವಾಹನಗಳನ್ನೂ ಇಳಿಸಿ ಎಣಿಸೋಣ ಅಂತ ಮಾಲೀಕರು ಹಟ ಹಿಡಿದಿದ್ದರು. ನಾಲ್ಕು ದಿನಕ್ಕೆ ಮಾಲು ತಡವಾಗಿ ಅಂಗಡಿಯವರ ಬೈಗುಳ ಶುರುವಾಯಿತು, ಬಿಟ್ಟೆವು. ದಿನಕ್ಕೊಂದು ಸಾಕು. ತನ್ನ ಸರದಿ ಯಾವತ್ತು ಅಂತ ಯಾರಿಗೂ ಗೊತ್ತಿರಬಾರದು, ಅಷ್ಟೇ.

ಮಾಲು ಒಳಬರುವ ಕಡೆ, ಇಳಿಸುವಾಗ ಕೀಪರ್ ಕೈಗೆ ಬಿಲ್ ಕೊಡುವುದನ್ನು ನಿಲ್ಲಿಸಿದೆವು. ಖಾಲಿ ಹಾಳೆ ಕೊಟ್ಟು, ಎಣಿಸಿದ್ದನ್ನು ಬರೆಯಿರಿ ಅಂದೆವು. ಬಿಲ್ ಎದುರಿಗಿದ್ದರೆ ಕಣ್ಣು ಅದರಲ್ಲಿರುವ ಅಂಕಿಯನ್ನೇ ಎಣಿಸುತ್ತದೆ. ಪ್ರತಿ ಲಾಟಿನಲ್ಲೂ ಪ್ರತಿ ಐಟಂನ ಒಂದು ಡಬ್ಬಿ ತೆರೆದು ಪೀಸ್ ಬರೆಯಬೇಕು. ಇದು ಮೊದಲ ವಾರವೇ ಮುಗ್ಗರಿಸಿತು. ಹಮಾಲಿ ಪೆಟ್ಟಿಗೆ ಲೆಕ್ಕದಲ್ಲಿ. ಎಣಿಸುತ್ತಾ ನಿಂತರೆ ಅವರ ದಿನದ ಗಳಿಕೆ ಕಡಿಮೆ. ಬೇಗ ಮುಗಿಸುವ ಒತ್ತಡ ಕೀಪರ್ ಮೇಲೆ ಬಿತ್ತು, ಮತ್ತೆ ಅಂದಾಜಿನ ಅಂಕಿ ಬರತೊಡಗಿತು. ಎಣಿಕೆಗೆ ಕಾಯುವ ಸಮಯಕ್ಕೆ ಒಂದು ಲಾರಿಗೆ ಇಷ್ಟು ಅಂತ ಹೆಚ್ಚುವರಿ ಕೂಲಿ ಗೊತ್ತು ಮಾಡಿದ ಮೇಲೆ ಸರಿಹೋಯಿತು.

ಒಂದೂವರೆ ಮತ್ತು ಎರಡೂವರೆ ಕಾಯಿಲ್‌ಗಳನ್ನು ಗೋಡೌನಿನ ಎರಡು ತುದಿಗೆ ಇಟ್ಟೆವು. ರ‍್ಯಾಕುಗಳಿಗೆ ದೊಡ್ಡ ಅಕ್ಷರದಲ್ಲಿ ನಂಬರ್ ಬಂತು, ಬಿಲ್ಲಿನಲ್ಲೂ ಅದೇ ನಂಬರ್ ಅಚ್ಚಾಗುವಂತೆ ಮಾಡಿದೆವು. ಇನ್ನೆರಡು ಟ್ಯೂಬ್‌ಲೈಟ್ ಹಾಕಿದೆವು. ದಿನಾ ಬೆಳಿಗ್ಗೆ ಹತ್ತು ಐಟಂ ಎಣಿಕೆ. ಬೆಲೆ ಜಾಸ್ತಿ ಇರುವವು ವಾರವಾರ, ಉಳಿದವು ಆರು ತಿಂಗಳಿಗೊಮ್ಮೆ ಸರದಿಗೆ ಬರುವ ಹಾಗೆ.

ಕ್ಯಾಮೆರಾ ಎಂಟರ ಬದಲು ಎರಡು ಹಾಕಿದರು. ಲೋಡಿಂಗ್ ಜಾಗದ ಕ್ಯಾಮೆರಾದಲ್ಲಿ ಕಾಯಿಲ್ ಪೆಟ್ಟಿಗೆಗಳ ಅಟ್ಟಿ ಕಾಣುತ್ತದೆ. 14 ಇವೆಯೋ 16 ಇವೆಯೋ ಅಂತ ಹೇಳಲಾಗುವುದಿಲ್ಲ. ಯಾವ ದಿನ, ಯಾವ ಗಂಟೆ ಅಂತ ಎಣಿಕೆಯಿಂದ ತಿಳಿದ ಮೇಲೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ.

ಸೆಪ್ಟೆಂಬರ್ ಕೊನೆಯಲ್ಲಿ ಪೂರ್ತಿ ಎಣಿಸಿದೆವು. ಆರು ತಿಂಗಳ ಕೊರತೆ 1.74 ಲಕ್ಷ, ಹೆಚ್ಚಳ 1.21 ಲಕ್ಷ. ಎಂಸಿಬಿಯಲ್ಲಿ ಎರಡು ಪೀಸ್ ವ್ಯತ್ಯಾಸ, ಕಾಯಿಲ್‌ನಲ್ಲಿ ಇಲ್ಲ. ಅದಲು ಬದಲು ಇನ್ನೂ ಇದೆ, ಈಗ ಜಾಸ್ತಿ ಬಲ್ಬುಗಳಲ್ಲಿ, ಬಿಳಿ ಬೆಳಕಿನದು ಮತ್ತು ಹಳದಿ ಬೆಳಕಿನದು. ವಾಪಸ್ ಬಂದ ಮಾಲಿನ ಮೂಲೆ ಈಗಲೂ ವಾರಕ್ಕೊಮ್ಮೆ ತುಂಬಿಕೊಳ್ಳುತ್ತದೆ. ಅದಕ್ಕೆ ಒಳ್ಳೆಯ ಉಪಾಯ ನಮಗೆ ಇನ್ನೂ ಸಿಕ್ಕಿಲ್ಲ.

ಹಮಾಲಣ್ಣನ ಮನೆಗೆ ಮಾಲೀಕರೇ ಹೋದರು, ಮೇ ತಿಂಗಳಲ್ಲಿ. ಹೆಂಡತಿ ಮಕ್ಕಳ ಎದುರೇ ತಪ್ಪಾಯಿತು ಅಂದರು, ಬಿಟ್ಟುಹೋದ ದಿನಗಳ ಕೂಲಿ ಕೊಟ್ಟರು. ಅವರು ದುಡ್ಡು ತಗೊಂಡರು, ಆದರೆ ಕೆಲಸಕ್ಕೆ ಬಂದದ್ದು ಒಂದು ತಿಂಗಳು ಬಿಟ್ಟು. ಈಗ ಲಾರಿ ಬಂದಾಗ ಡಬ್ಬಿ ತೆರೆದು ಪೀಸ್ ಎಣಿಸಿ ಜೋರಾಗಿ ಹೇಳುವವರು ಅವರು, ಬರೆದುಕೊಳ್ಳುವವರು ಕೀಪರ್. ಹೋದ ತಿಂಗಳು ಫ್ಯಾನ್ ರೆಗ್ಯುಲೇಟರ್ ಡಬ್ಬಿ ಎತ್ತಿದವರೇ ಕೆಳಗಿಟ್ಟು, "ಇದೂ ಹಗುರ ಆತಲ್ರಿ" ಅಂದರಂತೆ. ತೆರೆದರೆ 10ರ ಜಾಗದಲ್ಲಿ 8 ಇತ್ತು. ಅವತ್ತು ಸಂಜೆಯೇ ಕಂಪ್ಯೂಟರಿನಲ್ಲಿ ತಿದ್ದಿದರು.